ಡಾಲರ್ ಎದುರು ಕದಲದ ನಾಣ್ಯವೂ ದುಬಾರಿಯಾಗುವುದು ಹೇಗೆ? ನೈಜ ಪರಿಣಾಮಕಾರಿ ವಿನಿಮಯ ದರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಡಾಲರಿಗೆ ಇಷ್ಟು ಎಂಬ ದರ ವರ್ಷಗಟ್ಟಲೆ ಬದಲಾಗಿಲ್ಲ. ಹಾಗಿದ್ದೂ ಆ ನಾಣ್ಯ ದುಬಾರಿಯಾಗಿದೆ ಎನ್ನುವುದು ಹೇಗೆ?

ವಿನಿಮಯ ದರ ಹೇಳುವುದು ಒಂದು ನೋಟಿಗೆ ಇನ್ನೊಂದು ನೋಟು ಎಷ್ಟು ಸಿಗುತ್ತದೆ ಎಂಬುದನ್ನು ಮಾತ್ರ. ಆ ನೋಟಿನಿಂದ ಎರಡೂ ದೇಶಗಳಲ್ಲಿ ಎಷ್ಟೆಷ್ಟು ಸರಕು ಬರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ನಮ್ಮಲ್ಲಿ ಕೂಲಿ, ಬಾಡಿಗೆ, ಕರೆಂಟು, ಸಾಗಣೆ ಎಲ್ಲವೂ ಪಕ್ಕದ ದೇಶಕ್ಕಿಂತ ಬೇಗ ಏರುತ್ತಿದ್ದು, ದರ ಮಾತ್ರ ನಿಂತಲ್ಲೇ ನಿಂತಿದ್ದರೆ, ನಮ್ಮ ಸರಕು ಹೊರಗಿನವರಿಗೆ ವರ್ಷದಿಂದ ವರ್ಷಕ್ಕೆ ತುಟ್ಟಿಯಾಗುತ್ತದೆ. ಹೊರಗಿನ ಸರಕು ನಮಗೆ ಅಗ್ಗವಾಗಿ ಕಾಣುತ್ತದೆ. ನಾಣ್ಯದ ಬೆಲೆ ಏರಿದರೆ ಆಗುವುದೂ ಇದೇ. ಇಲ್ಲಿ ಮಾತ್ರ ದರದ ಫಲಕದ ಮೇಲೆ ಏನೂ ಬದಲಾಗಿರುವುದಿಲ್ಲ.

ಇನ್ನೊಂದು ದಾರಿಯೂ ಇದೆ. ದರ ಸ್ಥಿರವಾಗಿರುವುದು ಡಾಲರ್ ಎದುರು ಮಾತ್ರ. ನಾವು ವ್ಯಾಪಾರ ಮಾಡುವುದು ಹತ್ತಾರು ದೇಶಗಳ ಜೊತೆ. ಡಾಲರೇ ಉಳಿದವುಗಳ ಎದುರು ಏರಿದರೆ ಅದಕ್ಕೆ ಕಟ್ಟಿಹಾಕಿದ ನಾಣ್ಯವೂ ಜೊತೆಗೇ ಮೇಲೇರುತ್ತದೆ.

ಅರ್ಜೆಂಟೀನಾದಲ್ಲಿ 1991ರಿಂದ 2001ರವರೆಗೆ ಈ ಎರಡೂ ಒಂದರ ಹಿಂದೊಂದು ನಡೆದವು. ದರ ಇಡೀ ಅವಧಿಯಲ್ಲಿ ಕದಲಲಿಲ್ಲ, ಹೊಸ ಪೆಸೊ ಲೆಕ್ಕದಲ್ಲಿ ಒಂದು ಪೆಸೊಗೆ ಒಂದು ಡಾಲರ್. ಇದಕ್ಕಿಂತ ಸ್ವಚ್ಛವಾದ ಉದಾಹರಣೆ ಸಿಗುವುದು ಕಷ್ಟ. ಹಾಗಾಗಿ ಇಲ್ಲಿನ ಹೆಚ್ಚಿನ ಉತ್ತರಗಳಿಗೆ ಅದನ್ನೇ ಆಧಾರವಾಗಿಟ್ಟುಕೊಂಡಿದ್ದೇವೆ. ಕೊನೆಯಲ್ಲಿ ರೂಪಾಯಿಯ ವಿಚಾರ ಬರುತ್ತದೆ.

ನೈಜ, ಪರಿಣಾಮಕಾರಿ ಎಂಬ ಎರಡು ಪದಗಳ ಅರ್ಥವೇನು?

"ಪರಿಣಾಮಕಾರಿ" ಎಂದರೆ ಒಂದೇ ನಾಣ್ಯದ ಎದುರಲ್ಲ, ವ್ಯಾಪಾರ ಇರುವ ಎಲ್ಲ ಮುಖ್ಯ ದೇಶಗಳ ನಾಣ್ಯಗಳ ಎದುರು ಎಂದರ್ಥ. ಯಾರ ಜೊತೆ ಹೆಚ್ಚು ವ್ಯಾಪಾರವೋ ಅವರಿಗೆ ಹೆಚ್ಚು ತೂಕ. "ನೈಜ" ಎಂದರೆ ಎರಡೂ ಕಡೆಯ ಬೆಲೆ ಏರಿಕೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದದ್ದು. ತೂಕ ಮಾತ್ರ ಹಾಕಿ ಬೆಲೆಯನ್ನು ಬಿಟ್ಟರೆ ಬರುವುದು ನಾಮಮಾತ್ರ ಪರಿಣಾಮಕಾರಿ ದರ. ಬೆಲೆಯನ್ನೂ ಸೇರಿಸಿದರೆ ನೈಜ ಪರಿಣಾಮಕಾರಿ ದರ. ಪತ್ರಿಕೆಗಳಲ್ಲಿ ಆರ್‌ಇಇಆರ್ ಎಂದು ಕಾಣುವುದು ಇದೇ. ಇದು ಸೂಚ್ಯಂಕವಾದ್ದರಿಂದ ಇದಕ್ಕೆ ರೂಪಾಯಿ, ಡಾಲರ್ ಎಂಬ ಅಳತೆ ಇಲ್ಲ. ಯಾವುದೋ ಒಂದು ವರ್ಷವನ್ನು 100 ಎಂದಿಟ್ಟುಕೊಂಡು ಅಲ್ಲಿಂದ ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂದು ನೋಡುತ್ತಾರೆ.

ಅರ್ಜೆಂಟೀನಾದಲ್ಲಿ ದರ ಕಟ್ಟಿಹಾಕಿದ ಮೇಲೂ ನಾಣ್ಯ ತುಟ್ಟಿಯಾದದ್ದು ಹೇಗೆ?

1989 ಮತ್ತು 1990ರಲ್ಲಿ ಆ ದೇಶದ ಬೆಲೆಗಳು ವರ್ಷಕ್ಕೆ ಹಲವು ಪಟ್ಟು ಏರಿದ್ದವು. ಅದನ್ನು ನಿಲ್ಲಿಸಲು ಅರ್ಥಮಂತ್ರಿ ಡೊಮಿಂಗೊ ಕವಾಲ್ಲೊ 1991ರ ಏಪ್ರಿಲ್‌ನಿಂದ ಡಾಲರ್ ಪರಿವರ್ತನೆಯ ಕಾನೂನನ್ನು ಜಾರಿಗೆ ತಂದರು. ಚಲಾವಣೆಯಲ್ಲಿರುವ ಹಣಕ್ಕೆ ಕೇಂದ್ರ ಬ್ಯಾಂಕು ವಿದೇಶಿ ಮೀಸಲಿನ ಬೆಂಬಲ ಇಡಬೇಕು, ಕೇಳಿದವರಿಗೆ ನಿಗದಿತ ದರದಲ್ಲೇ ಡಾಲರ್ ಕೊಡಬೇಕು. 1992ರ ಆರಂಭದಲ್ಲಿ ಹೊಸ ಪೆಸೊ ಬಂದ ಮೇಲೆ ಆ ದರ ಒಂದಕ್ಕೊಂದು ಆಯಿತು.

ಹಣದುಬ್ಬರ ನಿಜಕ್ಕೂ ಇಳಿಯಿತು. ಆದರೆ ಒಂದೇ ದಿನದಲ್ಲಿ ಸೊನ್ನೆಗೆ ಬರಲಿಲ್ಲ. ಬಾಡಿಗೆ ಕರಾರು, ಶಾಲೆ ಫೀಸು, ಸಂಬಳದ ಒಪ್ಪಂದ ಎಲ್ಲವೂ ಹಳೆಯ ಏರಿಕೆಯ ಲೆಕ್ಕದಲ್ಲೇ ಒಂದಷ್ಟು ಕಾಲ ನಡೆಯುತ್ತವೆ. ಗ್ರಾಹಕ ಬೆಲೆಗಳು 1992ರಲ್ಲಿ ಸುಮಾರು ಶೇ. 17.5, 1993ರಲ್ಲಿ ಶೇ. 7.4, 1994ರಲ್ಲಿ ಶೇ. 3.9ರಷ್ಟು ಏರಿದವು. ಅದೇ ಮೂರು ವರ್ಷ ಅಮೆರಿಕದಲ್ಲಿ ಏರಿದ್ದು ಶೇ. 2.9, 2.7 ಮತ್ತು 2.7.

ಇವನ್ನು ಒಂದಕ್ಕೊಂದು ಗುಣಿಸಿ ನೋಡಿ. ಅರ್ಜೆಂಟೀನಾದಲ್ಲಿ 1.175 × 1.074 × 1.039 = 1.31. ಅಮೆರಿಕದಲ್ಲಿ 1.029 × 1.027 × 1.027 = 1.085. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.21. ಎಂದರೆ ಮೂರೇ ವರ್ಷಗಳಲ್ಲಿ ಡಾಲರ್ ಎದುರು ಪೆಸೊದ ನೈಜ ದರ ಶೇ. 21ರಷ್ಟು ಮೇಲೇರಿತು. ದರದ ಫಲಕದ ಮೇಲೆ ಆಗಲೂ 1, ಈಗಲೂ 1.

ಬ್ಯೂನಸ್ ಐರಿಸ್‌ನಲ್ಲಿ ಚರ್ಮದ ಬೂಟು ಹೊಲಿಯುವ ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಿ. 1991ರ ಕೊನೆಗೆ ಒಂದು ಜೊತೆಗೆ ತಗಲುವ ಖರ್ಚು ಹೊಸ ಪೆಸೊ ಲೆಕ್ಕದಲ್ಲಿ 20 ಪೆಸೊ, ಅಂದರೆ 20 ಡಾಲರ್. ಖರ್ಚು ಸಾಮಾನ್ಯ ಬೆಲೆಮಟ್ಟದ ಜೊತೆಗೇ ಏರಿದರೆ 1994ರ ಕೊನೆಗೆ ಅದು 26.20 ಡಾಲರ್. ಅಮೆರಿಕದಲ್ಲಿ ಅಂಥದೇ ಬೂಟಿನ ಖರ್ಚು 20ರಿಂದ 21.70ಕ್ಕೆ ಬಂದಿರುತ್ತದೆ. ಈ ನಾಲ್ಕೂವರೆ ಡಾಲರ್ ಅಂತರವನ್ನು ಯಾರಾದರೂ ಹೊರಲೇಬೇಕು. ಮಾಲೀಕ ಲಾಭ ಬಿಡಬೇಕು, ಇಲ್ಲವೇ ಆಳುಗಳನ್ನು ತೆಗೆಯಬೇಕು, ಇಲ್ಲವೇ ಆರ್ಡರ್ ಕೈಬಿಡಬೇಕು.

ಆಗ ಸರ್ಕಾರಕ್ಕೆ ಇದು ಕಾಣಲಿಲ್ಲವೇ?

ಕಂಡಿತ್ತು. ಆದರೆ ಯಾವ ಬೆಲೆ ಸೂಚ್ಯಂಕ ಹಿಡಿಯಬೇಕು ಎಂಬುದರ ಮೇಲೆ ವಾದ ನಡೆಯಿತು. ಸಗಟು ಬೆಲೆಗಳು ಆ ವರ್ಷಗಳಲ್ಲಿ ಗ್ರಾಹಕ ಬೆಲೆಗಳಿಗಿಂತ ಬಹಳ ಕಡಿಮೆ ಏರಿದ್ದವು. ಸಗಟು ಸೂಚ್ಯಂಕ ಹಾಕಿ ಲೆಕ್ಕ ಮಾಡಿದರೆ ಪೆಸೊ ಹೆಚ್ಚೇನೂ ತುಟ್ಟಿಯಾಗಿಲ್ಲ ಎಂದು ತೋರುತ್ತಿತ್ತು.

ಈ ವ್ಯತ್ಯಾಸವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು, ಏಕೆಂದರೆ ಇಂದಿಗೂ ಇದೇ ಗೊಂದಲ ಬರುತ್ತದೆ. ಸಗಟು ಸೂಚ್ಯಂಕದಲ್ಲಿ ಹೆಚ್ಚಾಗಿ ಇರುವುದು ಗೋಧಿ, ಉಕ್ಕು, ಬಟ್ಟೆ, ಯಂತ್ರದಂಥ ಗಡಿ ದಾಟುವ ಸರಕು. ಅವುಗಳ ಬೆಲೆ ಏರಿಸಲು ಹೋದರೆ ಅಗ್ಗದ ಆಮದು ಬಂದು ತಡೆಯುತ್ತದೆ. ಬಾಡಿಗೆ, ವೈದ್ಯರ ಫೀಸು, ಕ್ಷೌರ, ಹೋಟೆಲ್ ಊಟ ಮುಂತಾದವು ಗಡಿ ದಾಟುವುದಿಲ್ಲ, ಹಾಗಾಗಿ ಅವನ್ನು ತಡೆಯುವವರಿಲ್ಲ. ಅವು ಗ್ರಾಹಕ ಸೂಚ್ಯಂಕದಲ್ಲಿ ಮಾತ್ರ ಚೆನ್ನಾಗಿ ಕಾಣುತ್ತವೆ. ಬೂಟು ಮಾಡುವವನು ಮಾರುವುದು ಗಡಿ ದಾಟುವ ಸರಕನ್ನು, ಆದರೆ ಅವನು ಕೊಡುವ ಬಾಡಿಗೆ, ಸಂಬಳ, ಸೇವೆಗಳ ಖರ್ಚು ಗಡಿಯೊಳಗಿನದು. ಮಾರುವ ಬೆಲೆ ನಿಂತು, ಖರ್ಚು ಓಡಿದ್ದೇ ಅವನ ಸಂಕಟ. ಸಗಟು ಬೆಲೆ ಏರದಿದ್ದದ್ದು ಪೆಸೊ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಾಗಿರಲಿಲ್ಲ. ಉತ್ಪಾದಕರ ಲಾಭ ಹಿಂಡಿಹೋಗುತ್ತಿದೆ ಎಂಬುದಕ್ಕೇ ಅದು ಸಾಕ್ಷಿಯಾಗಿತ್ತು.

ಹೋಲಿಕೆಗೆ ಅತ್ಯುತ್ತಮವಾದದ್ದು ಒಂದು ಸರಕಿಗೆ ತಗಲುವ ಕೂಲಿ ವೆಚ್ಚ. ಆದರೆ ಅದರ ಅಂಕಿ ಹಲವು ದೇಶಗಳಲ್ಲಿ ತಡವಾಗಿ ಬರುತ್ತದೆ, ಕೆಲವೆಡೆ ಬರುವುದೇ ಇಲ್ಲ. ಗ್ರಾಹಕ ಬೆಲೆ ಸೂಚ್ಯಂಕ ತಿಂಗಳಿಗೊಮ್ಮೆ ಬಹುತೇಕ ಎಲ್ಲ ಕಡೆಯೂ ಸಿಗುವುದರಿಂದ ರೂಢಿಯಲ್ಲಿ ಅದನ್ನೇ ಬಳಸುತ್ತಾರೆ.

ಅಷ್ಟು ತುಟ್ಟಿಯಾಗಿದ್ದರೂ ಇಡೀ ಹತ್ತು ವರ್ಷ ಹೇಗೆ ನಡೆಯಿತು?

ಬ್ರೆಜಿಲ್ ಕಾರಣ. 1994ರ ಜುಲೈನಲ್ಲಿ ಬ್ರೆಜಿಲ್ ತನ್ನ ಹೊಸ ನಾಣ್ಯ ರಿಯಾಲ್ ತಂದಿತು. ಆ ನಾಣ್ಯವೂ ಬೇಗ ಬಲಗೊಂಡಿತು. ಅರ್ಜೆಂಟೀನಾದ ಅತಿ ದೊಡ್ಡ ಗಿರಾಕಿಯ ನಾಣ್ಯವೇ ತುಟ್ಟಿಯಾದ್ದರಿಂದ ಪೆಸೊದ ತುಟ್ಟಿತನ ಮರೆಯಾಯಿತು. ರಫ್ತು ಚೆನ್ನಾಗಿ ಬೆಳೆಯಿತು. ಡಾಲರ್ ಒಂದನ್ನೇ ನೋಡುತ್ತಿದ್ದವರು ಪೆಸೊ ವಿಪರೀತ ದುಬಾರಿ ಎಂದರು, ತೂಕ ಹಾಕಿ ನೋಡಿದವರಿಗೆ ಅದು ಸಹಿಸಬಹುದಾದ ಮಟ್ಟದಲ್ಲಿ ಕಂಡಿತು. ಎಲ್ಲವೂ ರಿಯಾಲ್ ಮೇಲೆ ನಿಂತಿತ್ತು. 1999ರ ಜನವರಿಯಲ್ಲಿ ಅದನ್ನು ಹಿಡಿದಿಡಲಾಗದೆ ಬ್ರೆಜಿಲ್ ತೇಲಲು ಬಿಟ್ಟಿತು, ಅಂದರೆ ದರವನ್ನು ಮಾರುಕಟ್ಟೆಗೇ ಬಿಟ್ಟಿತು.

1999ರ ಲೆಕ್ಕವನ್ನು ಹಂತ ಹಂತವಾಗಿ ತೋರಿಸುವಿರಾ?

ಸೂತ್ರ ಇದು. `e_i` ಎಂದರೆ ನಮ್ಮ ಒಂದು ನಾಣ್ಯಕ್ಕೆ ಸಿಗುವ ಪರನಾಣ್ಯ, `P` ನಮ್ಮ ಬೆಲೆ ಸೂಚ್ಯಂಕ, `P_i` ಅವರದು, `w_i` ತೂಕ. 0 ಹಚ್ಚಿದ್ದು ಆರಂಭದ ಅವಧಿಯದು. `Π` ಎಂದರೆ ಎಲ್ಲ ದೇಶಗಳದ್ದನ್ನೂ ಒಂದಕ್ಕೊಂದು ಗುಣಿಸುವುದು.

```
REER = 100 × Π [ (e_i/e_i0) × (P/P0) / (P_i/P_i0) ]^w_i
```

ಲೆಕ್ಕ ಕೈಯಲ್ಲಿ ಹಿಡಿಯುವಷ್ಟಿರಲಿ ಎಂದು ಮೂರೇ ಪಾಲುದಾರರನ್ನು ಇಟ್ಟುಕೊಳ್ಳೋಣ: ಬ್ರೆಜಿಲ್‌ಗೆ 0.30, ಯೂರೋ ದೇಶಗಳಿಗೆ 0.30, ಅಮೆರಿಕಕ್ಕೆ 0.40. ಈ ತೂಕಗಳು ನಾವು ಉದಾಹರಣೆಗೆ ಹಾಕಿಕೊಂಡವು, ಅಧಿಕೃತ ಸೂಚ್ಯಂಕದ್ದಲ್ಲ. ದರ ಮತ್ತು ಬೆಲೆಗಳು ನಿಜವಾದವು, ದುಂಡಾಗಿಸಿದವು.

ಮೊದಲ ಹಂತದಲ್ಲಿ ನಾಣ್ಯದ ಬದಲಾವಣೆ. 1998ರ ಕೊನೆಗೆ ಒಂದು ಪೆಸೊಗೆ 1.21 ರಿಯಾಲ್ ಸಿಗುತ್ತಿತ್ತು, 1999ರ ಕೊನೆಗೆ 1.79. ಅನುಪಾತ 1.48. ಯೂರೋ ಹುಟ್ಟಿದಾಗ ಒಂದು ಪೆಸೊಗೆ ಸುಮಾರು 0.85 ಯೂರೋ, ವರ್ಷದ ಕೊನೆಗೆ ಸುಮಾರು 1.00. ಅನುಪಾತ 1.176. ಡಾಲರ್ ಎದುರು ಬದಲಾವಣೆ ಇಲ್ಲ, ಅನುಪಾತ 1.

ಎರಡನೆಯ ಹಂತದಲ್ಲಿ ಬೆಲೆ. ಆ ವರ್ಷ ಅರ್ಜೆಂಟೀನಾದಲ್ಲಿ ಬೆಲೆಗಳು ಶೇ. 1.8ರಷ್ಟು ಇಳಿದವು, ಅಂದರೆ 0.982. ಬ್ರೆಜಿಲ್‌ನಲ್ಲಿ ಶೇ. 8.9 ಏರಿದವು, ಯೂರೋ ದೇಶಗಳಲ್ಲಿ ಶೇ. 1.7, ಅಮೆರಿಕದಲ್ಲಿ ಶೇ. 2.7. ಭಾಗಿಸಿದರೆ ಕ್ರಮವಾಗಿ 0.902, 0.966, 0.956.

ಮೂರನೆಯ ಹಂತದಲ್ಲಿ ಎರಡನ್ನೂ ಗುಣಿಸಬೇಕು. ಬ್ರೆಜಿಲ್ ಎದುರು 1.33, ಯೂರೋ ಎದುರು 1.14, ಅಮೆರಿಕದ ಎದುರು 0.956. ಕೊನೆಗೆ ಪ್ರತಿಯೊಂದನ್ನೂ ಅದರ ತೂಕದ ಘಾತಕ್ಕೇರಿಸಿ ಗುಣಿಸಿದರೆ 1.11 ಬರುತ್ತದೆ. ಸೂಚ್ಯಂಕ 100ರಿಂದ 111.

ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಮಾಡುವುದಾದರೆ B ಕಾಲಂನಲ್ಲಿ ತೂಕ, Cಯಲ್ಲಿ ನಾಣ್ಯದ ಅನುಪಾತ, Dಯಲ್ಲಿ ಬೆಲೆಯ ಅನುಪಾತ ಬರೆದು ಹೀಗೆ ಹಾಕಿ:

```
=100*EXP(SUMPRODUCT(B2:B4,LN(C2:C4*D2:D4)))
```

ಈ ಫಲಿತಾಂಶವನ್ನು ನಿಧಾನವಾಗಿ ಓದಬೇಕು. ಆ ವರ್ಷ ಪೆಸೊ ಡಾಲರ್ ಎದುರು ನಾಮಮಾತ್ರವಾಗಿ ಕದಲಲಿಲ್ಲ. ದೇಶದೊಳಗೆ ಬೆಲೆಗಳು ಇಳಿಯುತ್ತಿದ್ದವು. ಡಾಲರ್ ಎದುರಿನ ನೈಜ ದರ ನೋಡಿದರೆ ಪೆಸೊ ಶೇ. 4ಕ್ಕಿಂತ ಹೆಚ್ಚು ಅಗ್ಗವಾಗಿತ್ತು. ಹಾಗಿದ್ದೂ ಒಟ್ಟಾರೆಯಾಗಿ ಅದು ಶೇ. 11ರಷ್ಟು ತುಟ್ಟಿಯಾಯಿತು. ಅರ್ಜೆಂಟೀನಾದವರು ತಮ್ಮ ಮನೆಯಲ್ಲಿ ಏನೂ ಮಾಡಿರಲಿಲ್ಲ, ಅವರಿಗೆ ಪೆಟ್ಟು ಬಿದ್ದದ್ದು ನೆರೆಯವರ ನಾಣ್ಯದಿಂದ. ಹಣದುಬ್ಬರವೇ ಇಲ್ಲದ ದೇಶದ ನಾಣ್ಯ ದುಬಾರಿಯಾಗುವುದು ಸಾಧ್ಯವೇ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಇಂಥ ಲೆಕ್ಕದಲ್ಲಿ ಸಾಮಾನ್ಯವಾಗಿ ಎಲ್ಲಿ ತಪ್ಪುತ್ತದೆ?

ಅತಿ ಹೆಚ್ಚು ತಪ್ಪುವುದು ದರವನ್ನು ತಿರುಗುಮುರುಗು ಹಾಕುವುದರಲ್ಲಿ. ನಮಗೆ ಒಂದು ಡಾಲರಿಗೆ ಎಷ್ಟು ರೂಪಾಯಿ ಎಂದು ಹೇಳಿ ರೂಢಿ. ಮೇಲಿನ ಸೂತ್ರಕ್ಕೆ ಬೇಕಾದದ್ದು ಒಂದು ರೂಪಾಯಿಗೆ ಎಷ್ಟು ಡಾಲರ್ ಎಂಬುದು. ತಿರುಗಿಸದೆ ಹಾಕಿದರೆ ಉತ್ತರ ಪೂರ್ತಿ ಉಲ್ಟಾ ಬರುತ್ತದೆ, ಆದರೂ ನೋಡಲು ಸರಿಯಾಗಿಯೇ ಕಾಣುತ್ತದೆ. ಪರೀಕ್ಷಿಸಲು ಒಂದೇ ನಾಣ್ಯವನ್ನು ಬಿಟ್ಟು ಉಳಿದವಕ್ಕೆ 1 ಹಾಕಿ. ನಮ್ಮ ನಾಣ್ಯ ಬಲಗೊಂಡಿದ್ದು ನಿಮಗೆ ಗೊತ್ತಿರುವ ವರ್ಷದಲ್ಲಿ ಸೂಚ್ಯಂಕ ಏರಬೇಕು. ಇಳಿದರೆ ದರ ತಿರುಗಿದೆ.

ಪ್ರಕಟವಾದ ಸೂಚ್ಯಂಕಗಳಲ್ಲೂ ಇದೇ ಎಚ್ಚರ ಬೇಕು. ಭಾರತೀಯ ರಿಸರ್ವ್ ಬ್ಯಾಂಕಿನ ಸೂಚ್ಯಂಕ ಏರಿದರೆ ರೂಪಾಯಿ ತುಟ್ಟಿಯಾಗಿದೆ ಎಂದರ್ಥ. ಅರ್ಜೆಂಟೀನಾದ ಕೇಂದ್ರ ಬ್ಯಾಂಕು ಈಗ ಪ್ರಕಟಿಸುವ ನೈಜ ದರದ ಸೂಚ್ಯಂಕ `ITCRM` ಏರಿದರೆ ಪೆಸೊ ಅಗ್ಗವಾಗಿದೆ ಎಂದರ್ಥ. ಎರಡನ್ನೂ ಒಂದೇ ನಕ್ಷೆಯಲ್ಲಿ ಹಾಕಿ ತಪ್ಪು ತೀರ್ಮಾನಕ್ಕೆ ಬರುವುದು ಸುಲಭ.

ಇನ್ನೊಂದು ತಪ್ಪು, ಬೆಲೆ ಸೂಚ್ಯಂಕದ ಜಾಗದಲ್ಲಿ ಹಣದುಬ್ಬರದ ಶೇಕಡಾವಾರು ಸಂಖ್ಯೆಯನ್ನೇ ಹಾಕುವುದು. ಶೇ. 6 ಇದ್ದದ್ದು ಶೇ. 4ಕ್ಕೆ ಬಂದರೆ ಬೆಲೆ ಇಳಿದಿಲ್ಲ, ಏರಿಕೆಯ ವೇಗ ಇಳಿದಿದೆ ಅಷ್ಟೆ. ಲೆಕ್ಕಕ್ಕೆ 1.04 ಬೇಕು. ತೂಕಗಳ ಮೊತ್ತ 1 ಆಗಿದೆಯೇ ಎಂದೂ ನೋಡಿ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಬೆಲೆ ಸೂಚ್ಯಂಕವೇ ಸುಳ್ಳಾಗಿರುವುದು. 2007ರ ನಂತರ ಅರ್ಜೆಂಟೀನಾದ ಅಧಿಕೃತ ಗ್ರಾಹಕ ಬೆಲೆ ಅಂಕಿ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತಿತ್ತು. 2013ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಈ ಕಾರಣಕ್ಕೇ ಆ ದೇಶಕ್ಕೆ ಛೀಮಾರಿ ಹಾಕಿತು. ಆ ಅಂಕಿ ಹಾಕಿ ಮಾಡಿದ ಲೆಕ್ಕದಲ್ಲಿ ಪೆಸೊ ಅಗ್ಗವಾಗಿಯೇ ಉಳಿದಂತೆ ಕಾಣುತ್ತದೆ, ನಿಜದಲ್ಲಿ ವರ್ಷದಿಂದ ವರ್ಷಕ್ಕೆ ತುಟ್ಟಿಯಾಗುತ್ತಿತ್ತು. ಪ್ರಾಂತಗಳು ತಾವೇ ಎಣಿಸಿದ ಬೆಲೆಗಳನ್ನು ಹಾಕಿದವರಿಗೆ ಮಾತ್ರ ಅದು ಗೊತ್ತಾಯಿತು.

ಸೂಚ್ಯಂಕ 108 ಇದ್ದರೆ ನಾಣ್ಯ ಶೇ. 8ರಷ್ಟು ಅತಿಮೌಲ್ಯವಾಗಿದೆ ಎನ್ನಬಹುದೇ?

ಇಲ್ಲ. ಪತ್ರಿಕೆಗಳು ಬಹಳ ಸಲ ಹಾಗೇ ಬರೆಯುತ್ತವೆ. 108 ಹೇಳುವುದು ಆಧಾರ ವರ್ಷಕ್ಕಿಂತ ಶೇ. 8 ಮೇಲಿದೆ ಎಂಬುದನ್ನಷ್ಟೇ. ಆಧಾರ ವರ್ಷದಲ್ಲಿ ನಾಣ್ಯ ಸರಿಯಾದ ಬೆಲೆಯಲ್ಲಿತ್ತು ಎಂದು ಯಾರೂ ಸಾಬೀತು ಮಾಡಿಲ್ಲ. ಲೆಕ್ಕದ ಅನುಕೂಲಕ್ಕೆ ಆರಿಸಿಕೊಂಡ ವರ್ಷ ಅದು.

ರೂಪಾಯಿಯದೇ ಉದಾಹರಣೆ ಇದೆ. ರಿಸರ್ವ್ ಬ್ಯಾಂಕಿನ ಹಳೆಯ ಸರಣಿಯಲ್ಲಿ 36 ನಾಣ್ಯಗಳಿದ್ದವು, ಆಧಾರ 2004-05. 2017-18ರ ಹೊತ್ತಿಗೆ ಅದು 120ರ ಆಸುಪಾಸಿನಲ್ಲಿತ್ತು, ರೂಪಾಯಿ ಶೇ. 20 ಅತಿಮೌಲ್ಯ ಎಂಬ ಮಾತು ಎಲ್ಲೆಡೆ ಕೇಳಿಸುತ್ತಿತ್ತು. 2021ರ ಆರಂಭದಲ್ಲಿ 40 ನಾಣ್ಯಗಳ, 2015-16 ಆಧಾರದ ಹೊಸ ಸರಣಿ ಬಂತು. ಅದರಲ್ಲಿ ಅದೇ 2017-18 ಕಂಡದ್ದು 100ಕ್ಕಿಂತ ಕೆಲವೇ ಅಂಕ ಮೇಲೆ. ರೂಪಾಯಿ ಬದಲಾಗಿರಲಿಲ್ಲ, ಅಳತೆಗೋಲು ಎಲ್ಲಿಂದ ಶುರುವಾಗುತ್ತದೆ ಎಂಬುದು ಬದಲಾಗಿತ್ತು. ಅದಕ್ಕೇ ಮಟ್ಟವನ್ನು ನಂಬುವುದಕ್ಕಿಂತ ಚಲನೆಯನ್ನು ನೋಡುವುದು ಒಳ್ಳೆಯದು: ಎರಡು ಮೂರು ವರ್ಷಗಳಲ್ಲಿ ಎಷ್ಟು ಏರಿತು, ಹತ್ತು ವರ್ಷಗಳ ಸರಾಸರಿಗಿಂತ ಎಷ್ಟು ದೂರ ಹೋಯಿತು.

ಹಾಗಾದರೆ ಅತಿಮೌಲ್ಯ ಆಗಿದೆ ಎಂದು ತೀರ್ಮಾನಿಸುವುದು ಯಾವಾಗ?

ಸೂಚ್ಯಂಕ ಏರಿದ್ದಕ್ಕೆ ಸರಿಯಾದ ಕಾರಣ ಸಿಗದಿದ್ದಾಗ, ಮತ್ತು ಏರಿಕೆಯ ಗುರುತು ಬೇರೆ ಕಡೆಯೂ ಕಾಣತೊಡಗಿದಾಗ.

ಸರಿಯಾದ ಕಾರಣ ಎಂದರೆ ಮುಖ್ಯವಾಗಿ ಉತ್ಪಾದಕತೆ. ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕ ದಿನಕ್ಕೆ ಮಾಡುವ ಕೆಲಸ ಬೇಗ ಹೆಚ್ಚಿದರೆ ಅವನ ಸಂಬಳ ಏರುತ್ತದೆ, ಅದನ್ನು ನೋಡಿ ಕ್ಷೌರಿಕನ, ಶಿಕ್ಷಕನ ಸಂಬಳವೂ ಏರುತ್ತದೆ. ಇಡೀ ದೇಶದ ಬೆಲೆಮಟ್ಟ ಮೇಲೆ ಹೋಗಿ ಸೂಚ್ಯಂಕ ಏರುತ್ತದೆ, ಆದರೆ ರಫ್ತಿಗೆ ಏಟು ಬೀಳುವುದಿಲ್ಲ. ಯುದ್ಧಾನಂತರದ ಜಪಾನ್ 1949ರಿಂದ 1971ರವರೆಗೆ ಡಾಲರಿಗೆ 360 ಯೆನ್ ಎಂಬ ದರ ಹಿಡಿದಿತ್ತು. ಅಲ್ಲಿ ಗ್ರಾಹಕ ಬೆಲೆಗಳು ಅಮೆರಿಕಕ್ಕಿಂತ ಬೇಗ ಏರಿದವು, ಆದರೂ ಆ ದೇಶದ ರಫ್ತು ಪ್ರಪಂಚವನ್ನೇ ತುಂಬಿತು. ಈ ಪರಿಣಾಮವನ್ನು ಬಲಾಸ್ಸಾ ಮತ್ತು ಸ್ಯಾಮ್ಯುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರ ಹೆಸರಿನಿಂದ ಕರೆಯುತ್ತಾರೆ. ರಫ್ತಿನ ಸರಕಿಗೆ ಜಗತ್ತಿನಲ್ಲಿ ಬೆಲೆ ಶಾಶ್ವತವಾಗಿ ಏರಿದ್ದರೂ ನಾಣ್ಯ ಮೇಲೇರುವುದು ನ್ಯಾಯವೇ.

ಕಾರಣ ಅದಲ್ಲದಿದ್ದರೆ ಗುರುತುಗಳು ಹೀಗೆ ಬರುತ್ತವೆ. ಚಾಲ್ತಿ ಖಾತೆಯ ಕೊರತೆ, ಅಂದರೆ ಹೊರದೇಶಗಳ ಜೊತೆಗಿನ ವ್ಯವಹಾರದಲ್ಲಿ ಬರುವ ಹಣಕ್ಕಿಂತ ಹೋಗುವ ಹಣ ಎಷ್ಟು ಹೆಚ್ಚೋ ಅದು, ದೊಡ್ಡದಾಗುತ್ತದೆ. ಅರ್ಜೆಂಟೀನಾದಲ್ಲಿ 1998ರ ಹೊತ್ತಿಗೆ ಅದು ದೇಶದ ಒಟ್ಟು ಉತ್ಪನ್ನದ ಶೇ. 5ರ ಹತ್ತಿರ ಬಂದಿತ್ತು. ಆ ಕೊರತೆ ತುಂಬಲು ಹೊರಗಿನಿಂದ ಸಾಲ ಬರುತ್ತಲೇ ಇರಬೇಕು. ಒಳಗಿನ ಕೈಗಾರಿಕೆಗಳು ಆಳುಗಳನ್ನು ಕಳೆದುಕೊಳ್ಳುತ್ತವೆ. ಮಧ್ಯಮ ವರ್ಗಕ್ಕೆ ವಿದೇಶ ಪ್ರವಾಸ ಊರೊಳಗಿನ ರಜೆಗಿಂತ ಅಗ್ಗವಾಗುತ್ತದೆ. ಈ ಕೊನೆಯದನ್ನು ಕೇವಲ ಗಾಳಿಮಾತೆಂದು ತಳ್ಳಿಹಾಕಬೇಡಿ. ಜನ ಸಾಮಾನು ಕೊಳ್ಳಲು ಗಡಿ ದಾಟುವ ದಿಕ್ಕು ಬದಲಾದರೆ ಅದು ನೈಜ ದರದ ಅತಿ ಪ್ರಾಮಾಣಿಕ ಅಳತೆಗಳಲ್ಲಿ ಒಂದು.

ಹಣಕಾಸು ನಿಧಿ ಕೂಡ ಸೂಚ್ಯಂಕ ಒಂದನ್ನೇ ನೋಡಿ ತೀರ್ಪು ಕೊಡುವುದಿಲ್ಲ. ದೇಶದ ವಯೋಮಾನ, ಆದಾಯ, ಬಜೆಟ್ ಕೊರತೆ ಮುಂತಾದವನ್ನು ಹಿಡಿದು ಚಾಲ್ತಿ ಖಾತೆ ಎಷ್ಟಿರಬೇಕಿತ್ತು ಎಂದು ಅಂದಾಜಿಸಿ, ಇರುವುದಕ್ಕೂ ಇರಬೇಕಾದದ್ದಕ್ಕೂ ಇರುವ ಅಂತರ ಮುಚ್ಚಲು ನೈಜ ದರ ಎಷ್ಟು ಬದಲಾಗಬೇಕು ಎಂದು ಲೆಕ್ಕ ಹಾಕುತ್ತದೆ. ಉತ್ತರ ಬರುವುದು ಒಂದೇ ಸಂಖ್ಯೆಯಾಗಿ ಅಲ್ಲ, ಇಷ್ಟರಿಂದ ಇಷ್ಟರವರೆಗೆ ಎಂಬ ಹರವಾಗಿ.

ದರ ಮುಟ್ಟದೆ ಬೆಲೆ, ಸಂಬಳ ಇಳಿಸಿ ಸರಿಪಡಿಸಬಾರದೇ?

ಅರ್ಜೆಂಟೀನಾ ಅದನ್ನೇ ಪ್ರಯತ್ನಿಸಿತು. 1999, 2000, 2001 ಮೂರೂ ವರ್ಷ ಬೆಲೆಗಳು ಇಳಿದವು: ಸುಮಾರು ಶೇ. 1.8, 0.7, 1.5. ಒಟ್ಟು ಸೇರಿಸಿದರೆ ಶೇ. 4. ನಮ್ಮ ಮೂರು ಪಾಲುದಾರರ ಲೆಕ್ಕದಲ್ಲಿ 1999ರ ಒಂದೇ ವರ್ಷದ ಏರಿಕೆ ಶೇ. 11. ಇಳಿತ ಎಷ್ಟು ನಿಧಾನ ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ನಿಧಾನಕ್ಕೆ ಕಾರಣ ಸಂಬಳ. ಯಾರೂ ಕಡಿಮೆ ಸಂಬಳಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಒಪ್ಪಿಸುವುದು ನಿರುದ್ಯೋಗ. 2001ರ ಅಕ್ಟೋಬರ್‌ನಲ್ಲಿ ನಗರಗಳ ನಿರುದ್ಯೋಗ ಶೇ. 18 ದಾಟಿತ್ತು. ಬೆಲೆ ಇಳಿದಂತೆ ತೆರಿಗೆ ಆದಾಯವೂ ಇಳಿಯಿತು. ಸಾಲ ಮಾತ್ರ ಡಾಲರಿನಲ್ಲಿ ಹಾಗೇ ಉಳಿಯಿತು. ಅದನ್ನು ತೀರಿಸುವುದು ವರ್ಷದಿಂದ ವರ್ಷಕ್ಕೆ ಭಾರವಾಯಿತು. 2001ರ ಡಿಸೆಂಬರ್‌ನಲ್ಲಿ ಬ್ಯಾಂಕಿನಿಂದ ವಾರಕ್ಕೆ 250 ಪೆಸೊಗಿಂತ ಹೆಚ್ಚು ನಗದು ತೆಗೆಯುವಂತಿಲ್ಲ ಎಂಬ ನಿರ್ಬಂಧ ಬಂತು. ತಿಂಗಳ ಕೊನೆಗೆ ದೇಶ ಸಾಲ ತೀರಿಸುವುದಿಲ್ಲ ಎಂದು ಘೋಷಿಸಿತು. 2002ರ ಜನವರಿಯಲ್ಲಿ ಒಂದಕ್ಕೊಂದು ದರ ಮುಗಿಯಿತು.

ಅಪಮೌಲ್ಯ ಮಾಡಿದರೆ ನೈಜ ದರ ಸರಿಹೋಗುತ್ತದೆಯೇ?

ಬೆಲೆಗಳು ಹಿಂದೆಯೇ ಓಡಿಬರದಿದ್ದರೆ ಹೋಗುತ್ತದೆ. ಅದೇ ದೇಶದ ಎರಡು ಅಪಮೌಲ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

2002ರಲ್ಲಿ ಡಾಲರ್ 1 ಪೆಸೊದಿಂದ ವರ್ಷದ ಕೊನೆಗೆ ಸುಮಾರು 3.36ಕ್ಕೆ ಹೋಯಿತು. ಗ್ರಾಹಕ ಬೆಲೆ ಏರಿದ್ದು ಶೇ. 41. ಅಮೆರಿಕದ ಶೇ. 2.4 ಏರಿಕೆಯನ್ನೂ ಕಳೆದರೆ ಡಾಲರ್ ಎದುರಿನ ನೈಜ ದರ 100ರಿಂದ 41ಕ್ಕೆ ಬಿತ್ತು. ಕೆಲಸವಿಲ್ಲದವರ ಸಾಲು ಉದ್ದವಿದ್ದುದರಿಂದ ಸಂಬಳ ಏರಲಿಲ್ಲ, ವಿದ್ಯುತ್, ಅನಿಲದ ದರಗಳನ್ನು ಸರ್ಕಾರ ಪೆಸೊಗೆ ತಿರುಗಿಸಿ ಕಟ್ಟಿಹಾಕಿತು. ಅಪಮೌಲ್ಯ ಉಳಿಯಿತು, ಚಾಲ್ತಿ ಖಾತೆ ಅದೇ ವರ್ಷ ಮಿಗತೆಗೆ ತಿರುಗಿತು. ಇದಕ್ಕೆ ಬೆಲೆ ತೆತ್ತವರು ಸಂಬಳದಲ್ಲಿ ಬದುಕುವವರು ಎಂಬುದನ್ನೂ ಹೇಳಲೇಬೇಕು. 41ರ ಅರ್ಥ ಅವರ ದುಡಿಮೆ ಡಾಲರಿನಲ್ಲಿ ಅರ್ಧಕ್ಕಿಂತ ಅಗ್ಗವಾಯಿತು ಎಂದು.

2023ರ ಡಿಸೆಂಬರ್‌ನಲ್ಲಿ ಹೊಸ ಸರ್ಕಾರ ಡಾಲರ್ ದರವನ್ನು ಸುಮಾರು 366 ಪೆಸೊದಿಂದ 800ಕ್ಕೆ ಏರಿಸಿತು. ಆಮೇಲೆ ತಿಂಗಳಿಗೆ ಶೇ. 2ರಂತೆ ಮಾತ್ರ ಜರುಗಿಸುತ್ತ ಹೋಯಿತು. ಆದರೆ ಬೆಲೆಗಳು ಡಿಸೆಂಬರ್‌ನಲ್ಲಿ ಶೇ. 25.5, ಜನವರಿಯಲ್ಲಿ 20.6, ಫೆಬ್ರವರಿಯಲ್ಲಿ 13.2, ಮಾರ್ಚ್‌ನಲ್ಲಿ 11 ಏರಿದವು. ಗುಣಿಸಿದರೆ ನಾಲ್ಕೇ ತಿಂಗಳಲ್ಲಿ ಶೇ. 90. ಡಾಲರ್ ದರ ಆ ಹೊತ್ತಿಗೆ 858ರ ಹತ್ತಿರ, ಅಂದರೆ 2.34 ಪಟ್ಟು, ಬೆಲೆಗಳು 1.90 ಪಟ್ಟು. ಅಪಮೌಲ್ಯದ ಹೆಚ್ಚಿನ ಪಾಲು ಕರಗಿಹೋಗಿತ್ತು. ಡಾಲರ್ ದರ ತಿಂಗಳು ತಿಂಗಳೂ ಶಿಸ್ತಾಗಿ ಸಾಗುತ್ತಿದ್ದುದರಿಂದ ಅದನ್ನು ಮಾತ್ರ ನೋಡಿದವರಿಗೆ ಎಲ್ಲವೂ ಶಾಂತವಾಗಿ ಕಂಡಿತು.

2024ರಲ್ಲಿ ರೂಪಾಯಿಗೂ ಹೀಗೇ ಆಯಿತೇ?

ಪ್ರಮಾಣ ಬಹಳ ಸಣ್ಣದು, ಆದರೆ ದಾರಿ ಅದೇ. 2024ರ ಹೆಚ್ಚಿನ ತಿಂಗಳು ಡಾಲರ್ 83ರಿಂದ 84 ರೂಪಾಯಿಯೊಳಗೆ ಇತ್ತು. ರಿಸರ್ವ್ ಬ್ಯಾಂಕು ಡಾಲರ್ ಕೊಂಡು, ಮಾರಿ ಏರಿಳಿತವನ್ನು ತಡೆಯುತ್ತಿತ್ತು. ಹಣಕಾಸು ನಿಧಿ ಅದಕ್ಕೂ ಮೊದಲೇ, 2022ರ ಡಿಸೆಂಬರ್‌ನಿಂದ 2023ರ ಅಕ್ಟೋಬರ್‌ವರೆಗಿನ ಅವಧಿಗೆ, ಭಾರತದ ವ್ಯವಸ್ಥೆಯನ್ನು ತೇಲುವ ದರ ಎಂಬ ವರ್ಗದಿಂದ ತೆಗೆದು ಸ್ಥಿರೀಕರಿಸಿದ ವ್ಯವಸ್ಥೆ ಎಂದು ಗುರುತಿಸಿತ್ತು. 2024ರ ಕೊನೆಯ ತಿಂಗಳುಗಳಲ್ಲಿ ಡಾಲರ್ ಉಳಿದ ನಾಣ್ಯಗಳ ಎದುರು ಬಲಗೊಂಡಿತು, ಅದರ ಪಕ್ಕದಲ್ಲೇ ನಿಂತಿದ್ದ ರೂಪಾಯಿಯೂ ಅವುಗಳ ಎದುರು ಏರಿತು. ಜೊತೆಗೆ ನಮ್ಮ ಹಣದುಬ್ಬರ ಅಕ್ಟೋಬರ್‌ನಲ್ಲಿ ಶೇ. 6 ದಾಟಿತ್ತು, ಚೀನಾದಲ್ಲಿ ಸೊನ್ನೆಯ ಹತ್ತಿರವಿತ್ತು. ನವೆಂಬರ್‌ನಲ್ಲಿ 40 ನಾಣ್ಯಗಳ ಸೂಚ್ಯಂಕ 108 ದಾಟಿತು.

ಆಮೇಲೆ ದರವನ್ನು ಸಡಿಲ ಬಿಟ್ಟರು. 2025ರ ಫೆಬ್ರವರಿಗೆ ಡಾಲರ್ 87 ರೂಪಾಯಿ ದಾಟಿತು, ನಮ್ಮ ಹಣದುಬ್ಬರವೂ ಬೇಗ ಇಳಿಯಿತು, ಸೂಚ್ಯಂಕ 100ರ ಕಡೆಗೆ ಮರಳಿತು. ಕಾನೂನಿನಿಂದ ಕಟ್ಟಿಹಾಕದ ದರಕ್ಕೆ ಇರುವ ಅನುಕೂಲ ಇದು. ರೂಪಾಯಿ ಕುಸಿಯಿತು ಎಂದು ಆಗ ಸುದ್ದಿಯಾಯಿತು. ಲೆಕ್ಕ ನೋಡಿದವರಿಗೆ ಅದು ಒಂದೆರಡು ವರ್ಷ ತಡವಾಗಿ ಬಂದ ಸರಿಪಡಿಕೆ.

ಬೆಂಗಳೂರಿನ ಗಾರ್ಮೆಂಟ್ಸ್, ಕೊಡಗಿನ ಕಾಫಿ ಎರಡಕ್ಕೂ ಒಂದೇ ಪರಿಣಾಮವೇ?

ಅಲ್ಲ. ಗಾರ್ಮೆಂಟ್ಸ್‌ನಲ್ಲಿ ಬೆಲೆ ಚೌಕಾಸಿಯಿಂದ ತೀರ್ಮಾನವಾಗುತ್ತದೆ. ಅದೇ ಅಂಗಿಗೆ ಬಾಂಗ್ಲಾದೇಶ, ವಿಯೆಟ್ನಾಂ ಎಷ್ಟು ಕೇಳುತ್ತವೆ ಎಂದು ಖರೀದಿದಾರ ನೋಡುತ್ತಾನೆ. ಬಾಂಗ್ಲಾದೇಶದ ನಾಣ್ಯ ಟಾಕಾ ಇಳಿದು ರೂಪಾಯಿ ನಿಂತರೆ ಡಾಲರ್ ದರ ಒಂದು ಪೈಸೆ ಬದಲಾಗದಿದ್ದರೂ ಆರ್ಡರ್ ಕೈತಪ್ಪಬಹುದು. ಕಾಫಿಯ ಬೆಲೆ ಲಂಡನ್, ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ತೀರ್ಮಾನವಾಗುತ್ತದೆ. ಬೆಳೆಗಾರನಿಗೆ ನೈಜ ದರ ಏರಿದ್ದು ಗೊತ್ತಾಗುವುದು ಆರ್ಡರಿನಲ್ಲಲ್ಲ, ತೋಟದ ಕೂಲಿ ಏರಿದಷ್ಟು ರೂಪಾಯಿ ಕೈಗೆ ಬರದಿರುವುದರಲ್ಲಿ. ಜಾಗತಿಕ ಬೆಲೆ ಜೋರಾಗಿದ್ದ ವರ್ಷ ಅದು ಕಾಣುವುದೇ ಇಲ್ಲ.

ಇಲ್ಲಿ ರಿಸರ್ವ್ ಬ್ಯಾಂಕಿನ ಸೂಚ್ಯಂಕಕ್ಕೆ ಒಂದು ಮಿತಿಯಿದೆ. ಅದರ ತೂಕ ನಮ್ಮ ನೇರ ವ್ಯಾಪಾರದ ಮೇಲೆ ನಿಂತಿದೆ. ಅಮೆರಿಕದ ಅಂಗಡಿಯಲ್ಲಿ ನಮ್ಮ ಅಂಗಿಯ ಪಕ್ಕ ನಿಲ್ಲುವ ಮೂರನೆಯ ದೇಶದ ಪೈಪೋಟಿ ಅದರಲ್ಲಿ ಪೂರ್ತಿ ಬರುವುದಿಲ್ಲ. ಬಾಸೆಲ್‌ನ ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕಿನ ಸೂಚ್ಯಂಕ ಆ ಪೈಪೋಟಿಯನ್ನೂ ತೂಕಕ್ಕೆ ಸೇರಿಸುತ್ತದೆ.

ಅಂಕಿಗಳು ಎಲ್ಲಿ ಸಿಗುತ್ತವೆ?

ರೂಪಾಯಿಯದು ರಿಸರ್ವ್ ಬ್ಯಾಂಕಿನ ಮಾಸಿಕ ಬುಲೆಟಿನ್‌ನಲ್ಲಿದೆ. ಒಟ್ಟು ವ್ಯಾಪಾರದ ತೂಕ, ರಫ್ತಿನ ತೂಕ ಎಂದು ಎರಡು ಸಾಲುಗಳಿರುತ್ತವೆ. ರಫ್ತುದಾರರು ಎರಡನೆಯದನ್ನು ನೋಡಬೇಕು. ದೇಶ ದೇಶಗಳ ನಡುವೆ ಹೋಲಿಸುವುದಾದರೆ ಇತ್ಯರ್ಥ ಬ್ಯಾಂಕಿನ ಜಾಲತಾಣದ 64 ಅರ್ಥವ್ಯವಸ್ಥೆಗಳ ಮಾಸಿಕ ಸರಣಿ ಉಚಿತವಾಗಿ ಸಿಗುತ್ತದೆ. ಎಲ್ಲಿಂದ ಇಳಿಸಿಕೊಂಡರೂ ಆಧಾರ ವರ್ಷ ಯಾವುದು, ಏರಿದರೆ ತುಟ್ಟಿಯೋ ಅಗ್ಗವೋ, ಯಾವ ಬೆಲೆ ಸೂಚ್ಯಂಕ ಬಳಸಿದ್ದಾರೆ ಎಂಬ ಮೂರನ್ನೂ ಹಾಳೆಯ ಮೊದಲ ಸಾಲಿನಲ್ಲೇ ಬರೆದಿಟ್ಟುಕೊಳ್ಳಿ. ಕೊನೆಯ ಎರಡು ಮೂರು ತಿಂಗಳ ಅಂಕಿ ತಾತ್ಕಾಲಿಕ. ಬೆಲೆ ಅಂಕಿ ಪೂರ್ತಿ ಬಂದ ಮೇಲೆ ಅವು ತಿದ್ದುಪಡಿಯಾಗುತ್ತವೆ.